ಬಾಡಿಗೆ ಮಾತಾಡೋಕೆ ಮಂಡಗದ್ದೆ ಕಡೆಗೆ ಹೋದದ್ದು

ವಿಜಯದಶಮಿ ಮುಗಿದು ಎರಡು ದಿನ ಆಗಿತ್ತು. 2024ರ ಅಕ್ಟೋಬರ್ 14, ಸೋಮವಾರ. ನನಗೆ ದಸರಾ ರಜೆ. ಬನ್ನಿ ಸೊಪ್ಪು ಇನ್ನೂ ದೇವರ ಮುಂದೆ ಬಾಡುತ್ತಾ ಬಿದ್ದಿತ್ತು. ಮನೆ ಓನರ್ ಗೌಡ್ರ ಫೋನ್ ಬಂತು. ಹಬ್ಬದ ಶುಭಾಶಯ ಹೇಳೋಕೆ ಇರಬೇಕು ಅಂದುಕೊಂಡು ನಗುನಗುತ್ತಲೇ ಎತ್ತಿದೆ.

"ಟೀಚರೇ, ಡಿಸೆಂಬರಿಂದ ಹನ್ನೆರಡೂವರೆ ಮಾಡಿ ಆಯ್ತಾ" ಅಂದರು.

ನಾವು ಆಗ ಕೊಡುತ್ತಿದ್ದದ್ದು 9,800. ಒಂದೇ ಸಲಕ್ಕೆ 2,700 ರೂಪಾಯಿ. ಗಣಿತದ ಟೀಚರ್ ಆದ್ದರಿಂದ ತಲೆ ತಾನಾಗೇ ಲೆಕ್ಕ ಹಾಕಿಬಿಟ್ಟಿತು, ನೂರಕ್ಕೆ ಇಪ್ಪತ್ತೇಳೂವರೆ. ಬಾಯಿ ಮಾತ್ರ ಲೆಕ್ಕ ಹಾಕದೆ, "ಏನ್ ಗೌಡ್ರೇ ಇಷ್ಟೊಂದು ಜಾಸ್ತಿ! ಹೀಗಾದ್ರೆ ನಾವು ಬೇರೆ ಮನೆ ನೋಡ್ಕೋಬೇಕಾಗುತ್ತೆ" ಅಂದುಬಿಟ್ಟಿತು. ಅವರು ಅಡಿಕೆ ಮಂಡಿಯಲ್ಲಿದ್ದರು, ಹಿಂದೆ ಲಾರಿ ಸದ್ದು, ಯಾರೋ ಕೂಗುತ್ತಿದ್ದರು. "ನೋಡ್ಕೊಳ್ಳಿ ಹಂಗಾರೆ, ಈಗ ಎಲ್ಲಾ ಕಡೆ ಅಷ್ಟೇ ಮಾರಾಯ್ರೆ" ಅಂತ ಫೋನ್ ಇಟ್ಟರು. ಎಲ್ಲಾ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲಿ ನಾನು ಬಿಡುತ್ತೇನೆ ಅಂತಲೂ, ಅವರು ಬಿಡಿ ಅಂತಲೂ ಹೇಳಿ ಆಗಿತ್ತು. ಇಬ್ಬರಿಗೂ ಅದು ಬೇಕಿರಲಿಲ್ಲ.

ಮನೆ ಇರೋದು ಶಿವಮೊಗ್ಗದ ಗೋಪಾಳದಲ್ಲಿ, ಮೊದಲ ಮಹಡಿ, ಎರಡು ಬೆಡ್‌ರೂಮು. ಗೌಡ್ರು ಇರೋದು ಊರಲ್ಲಿ, ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆಯ ಹತ್ತಿರ, ತೋಟದ ಮನೆಯಲ್ಲಿ. ಒಳ್ಳೆಯವರೇ. ಮೋಟರ್ ಸುಟ್ಟಾಗ ಮರುದಿನವೇ ಬೇರೆ ಹಾಕಿಸಿದ್ದರು.

ಅವತ್ತು ರಾತ್ರಿ ಬೀರುವಿನಿಂದ ಕರಾರು ಪತ್ರ ತೆಗೆದೆ. ಮೂರು ವರ್ಷದ ಮೇಲಾಗಿತ್ತು, ಒಂದು ಸಲವೂ ಪೂರ್ತಿ ಓದಿರಲಿಲ್ಲ. ಸಹಿ ಹಾಕೋ ಜಾಗ ಎಲ್ಲಿ ಅಂತ ಮಾತ್ರ ಗೊತ್ತಿತ್ತು. ಬಾಡಿಗೆ ಏರಿಕೆ ಐದನೇ ಕಲಮಿನಲ್ಲಿತ್ತು. "ಅವಧಿ ಮುಗಿದ ನಂತರ ಉಭಯತ್ರರ ಒಪ್ಪಿಗೆಯ ಮೇರೆಗೆ ಶೇ. 5ರಷ್ಟು ಬಾಡಿಗೆ ಹೆಚ್ಚಿಸಿ ನವೀಕರಿಸಿಕೊಳ್ಳಬಹುದು." ನನಗೆ ಖುಷಿಯಾಯಿತು. ಐದು ಪರ್ಸೆಂಟ್ ಅಂದರೆ 490 ರೂಪಾಯಿ, ಹೊಸ ಬಾಡಿಗೆ 10,290. ಇದನ್ನೇ ತೋರಿಸಿ ಗೌಡ್ರ ಬಾಯಿ ಮುಚ್ಚಿಸಬಹುದು ಅಂತ ಲೆಕ್ಕ ಹಾಕಿದೆ.

ನಮ್ಮ ಶಾಲೆಯ ಇನ್ನೊಬ್ಬ ಟೀಚರ ಯಜಮಾನರು ವಕೀಲರು. ಮರುದಿನ ಅವರಿಗೆ ಆ ಸಾಲನ್ನು ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಕೊನೇ ಪದ ಏನಿದೆ ಮೇಡಂ? ನವೀಕರಿಸತಕ್ಕದ್ದು ಅಂತ ಇದೆಯೋ, ನವೀಕರಿಸಬಹುದು ಅಂತ ಇದೆಯೋ?"

"ಬಹುದು ಅಂತಿದೆ."

"ಹಾಗಾದ್ರೆ ಬಹುದು ಅಷ್ಟೇ. ಅದ್ರ ಮೇಲೆ ಒಪ್ಪಿಗೆಯ ಮೇರೆಗೆ ಅಂತ ಬೇರೆ ಇದೆ. ನವೆಂಬರ್ 30ರ ತನಕ ಒಂದು ರೂಪಾಯಿ ಜಾಸ್ತಿ ಕೇಳೋ ಹಾಗಿಲ್ಲ. ಆಮೇಲಿಂದು ಮಾತಾಡಿಕೊಂಡಿದ್ದೇ ಕರಾರು."

ಬಾಡಿಗೆ ಕಾಯ್ದೆ ಅಂತ ಒಂದಿದೆಯಲ್ಲ ಅಂದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇರೋದು ತೀರಾ ಕಡಿಮೆ ಬಾಡಿಗೆಯ ಮನೆಗಳಿಗೆ. ತಿಂಗಳಿಗೆ 3,500 ದಾಟಿದರೆ ಬೆಂಗಳೂರಿನಲ್ಲೂ ಅದು ಅನ್ವಯಿಸಲ್ಲ, ನಮ್ಮೂರಿನಲ್ಲಿ ಮಿತಿ ಅದಕ್ಕಿಂತ ಕೆಳಗೆ. ಮತ್ತೊಂದು ವಿಷಯವನ್ನೂ ಹೇಳಿದರು. ಹೊಸ ಕರಾರು ಆಗದೆ ಸುಮ್ನೆ ಉಳಿದುಕೊಂಡು, ಓನರ್ ಬಾಡಿಗೆ ತಗೊಳ್ಳುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯೋ ಬಾಡಿಗೆ ಆಗುತ್ತೆ. ಆಗ ಹದಿನೈದು ದಿನದ ನೋಟಿಸು ಕೊಟ್ಟು ಬಿಡಿಸಬಹುದು. ಅಂದರೆ ಸುಮ್ಮನಿದ್ದು ಕಾಲ ತಳ್ಳಿದರೆ ನನಗೇ ನಷ್ಟ. ಐದನೇ ಕಲಮಿನ ಖುಷಿ ಒಂದೇ ರಾತ್ರಿಗೆ ಮುಗಿಯಿತು.

ಕರಾರು ಕೈಲಿದ್ದಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ನಾವು ಈ ಮನೆಗೆ ಬಂದದ್ದು 2021ರ ಏಪ್ರಿಲ್ 1ಕ್ಕೆ. ಬೇಸಿಗೆ ಕಾಲ, ಮಕ್ಕಳ ಪರೀಕ್ಷೆ ಇಲ್ಲ, ಗೌಡ್ರಿಗೂ ಕೊಯ್ಲು ಮುಗಿದ ಬಿಡುವು. ಆದರೆ ಕರಾರು ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದ ಕರಾರಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ ಮಾಡಿಸಬೇಕು, ಆ ತಾಪತ್ರಯ ಬೇಡ ಅಂತ ಎಲ್ಲರೂ ಹನ್ನೊಂದೇ ಹಾಕಿಸೋದು. ಹಾಗಾಗಿ ಎರಡನೇ ಕರಾರು ಮಾರ್ಚ್‌ಗೆ ಬಂತು, ಮೂರನೆಯದು ಫೆಬ್ರವರಿಗೆ, ನಾಲ್ಕನೆಯದು ಜನವರಿಗೆ, ಈಗಿನದು ಡಿಸೆಂಬರ್‌ಗೆ. ಪ್ರತಿ ಸಲ ಒಂದು ತಿಂಗಳು ಹಿಂದಕ್ಕೆ ಜಾರುತ್ತಾ ಬಂದು, ಸರಿಯಾಗಿ ಮಕ್ಕಳ ಓದಿನ ಮಧ್ಯಕ್ಕೂ ಗೌಡ್ರ ಅಡಿಕೆ ಕೊಯ್ಲಿನ ಮಧ್ಯಕ್ಕೂ ಬಂದು ಕೂತಿತ್ತು. ವರ್ಷದ ಲೆಕ್ಕ ಇಟ್ಟಿದ್ದರೆ ನಾಲ್ಕನೇ ಏರಿಕೆ 2025ರ ಏಪ್ರಿಲ್‌ಗೆ ಬರಬೇಕಿತ್ತು. ಹೀಗೆ ನಾಲ್ಕು ತಿಂಗಳು ಮೊದಲೇ ಬಂತು. ಮೂರು ವರ್ಷ ನನ್ನ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ.

ಆ ವಾರ ಸಂಜೆ ಹೊತ್ತು ನಾನೂ ನಮ್ಮನೆಯವರೂ ಸ್ಕೂಟರಲ್ಲಿ ಗೋಪಾಳ, ವಿನೋಬನಗರ ಸುತ್ತಿದೆವು. "ಮನೆ ಬಾಡಿಗೆಗೆ ಇದೆ" ಬೋರ್ಡು ಇದ್ದ ಕಡೆಯೆಲ್ಲ ನಿಂತು ಕೇಳಿದೆವು. ನಮ್ಮ ಮನೆಯಂಥದ್ದೇ ಎರಡು ಸಿಕ್ಕವು, ಒಂದಕ್ಕೆ 11,000, ಇನ್ನೊಂದಕ್ಕೆ 11,500. ಮೂರನೆಯದು 13,000, ಆದರೆ ಅದು ಹೊಸ ಕಟ್ಟಡ, ಲಿಫ್ಟ್ ಇತ್ತು, ಕಾರು ನಿಲ್ಲಿಸೋಕೆ ಜಾಗ ಇತ್ತು. ಒಪ್ಪಿಕೊಳ್ಳಲೇಬೇಕು, ನಾವು ಕೊಡುತ್ತಿದ್ದ 9,800 ಕಡಿಮೆಯೇ ಆಗಿತ್ತು. 10,290ಕ್ಕೇ ಜೋತುಬಿದ್ದಿದ್ದರೆ ನನ್ನದು ತಪ್ಪಾಗುತ್ತಿತ್ತು.

ಕೆಳಗಿನ ಮನೆಯವರಿಂದ ನಿಜವಾದ ಕಾರಣವೂ ಗೊತ್ತಾಯಿತು. ಸೆಪ್ಟೆಂಬರಲ್ಲಿ ಕೆಳಮನೆಗೆ ಹೊಸಬರು ಬಂದಿದ್ದರು, 12,500ಕ್ಕೆ. ಗೌಡ್ರ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಅವನೇ ಮಾತಾಡಿ ಕುದುರಿಸಿದ್ದಂತೆ. ಕೆಳಗೆ ಅಷ್ಟು ಬಂದರೆ ಮೇಲೂ ಅಷ್ಟೇ ಅಂತ ತೀರ್ಮಾನ ಆಗಿದೆ. ಅಂದರೆ ನಾನು ಮಾತಾಡಬೇಕಾಗಿದ್ದು ಗೌಡ್ರ ಜೊತೆ ಮಾತ್ರ ಅಲ್ಲ.

ಒಂದು ಹಾಳೆಯ ಮಧ್ಯೆ ಗೀಟು ಎಳೆದು ಎರಡು ಕಡೆಯ ಲೆಕ್ಕ ಬರೆದೆ. ನಾವು ಬಿಟ್ಟು 11,500ರ ಮನೆಗೆ ಹೋದರೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 11,500, ಟೆಂಪೋ ಮತ್ತು ಹಮಾಲಿಗೆ 4,000, ಅಡ್ವಾನ್ಸಿನಲ್ಲಿ ಬಣ್ಣಕ್ಕೆ ಅಂತ ಹಿಡಿಯೋ ಒಂದು ತಿಂಗಳ ಬಾಡಿಗೆ 9,800. ಒಟ್ಟು 25,300. ಅಲ್ಲಿ ಹೋಗಿ ಉಳಿಯೋದು ತಿಂಗಳಿಗೆ ಸಾವಿರ. ಅದು ವಸೂಲಾಗೋಕೇ ಎರಡು ವರ್ಷಕ್ಕಿಂತ ಜಾಸ್ತಿ ಬೇಕು. ಇನ್ನು ಗೌಡ್ರ ಕಡೆ. ನಾವು 11,000 ಕೊಡ್ತೀವಿ ಅಂದು ಅವರು ಒಪ್ಪದೆ ಬೇರೆಯವರನ್ನು ತಂದರೆ ತಿಂಗಳಿಗೆ 1,500 ಜಾಸ್ತಿ, ಹನ್ನೊಂದು ತಿಂಗಳಿಗೆ 16,500. ಆದರೆ ಮನೆ ಒಂದು ತಿಂಗಳು ಖಾಲಿ ಬಿದ್ದರೆ ಒಳ್ಳೆ ಬಾಡಿಗೆಯ 12,500 ಹೋಯಿತು, ಬ್ರೋಕರ್ ಅವರ ಹತ್ತಿರವೂ ಒಂದು ತಿಂಗಳದ್ದು ತಗೊಳ್ಳುತ್ತಾನೆ, ಇನ್ನೊಂದು 12,500. ಅವರಿಗೂ ನಷ್ಟವೇ. ಈ ಹಾಳೆಯನ್ನು ಯಾರಿಗೂ ತೋರಿಸಲಿಲ್ಲ. ಕೊನೆಗೆ ಹನ್ನೆರಡೂವರೆಯೇ ಗತಿ ಅಂದರೂ ನಾವು ಕೊಟ್ಟೇ ಕೊಡುತ್ತೇವೆ ಅಂತ ಅದರಲ್ಲಿ ಬರೆದಷ್ಟೇ ಸ್ಪಷ್ಟವಾಗಿತ್ತು, ಅದನ್ನು ಓನರ್‌ಗೆ ತೋರಿಸೋದುಂಟಾ. ಆದರೆ ಆಮೇಲೆ ನನಗೆ ಹೆದರಿಕೆ ಕಡಿಮೆಯಾಯಿತು. ಮನೆ ಬಿಡ್ತೀನಿ ಅನ್ನೋ ಮಾತನ್ನು ಮತ್ತೆ ಎತ್ತಬಾರದು ಅಂತಲೂ ಗೊತ್ತಾಯಿತು.

ಫೋನಲ್ಲಿ ಆಗೋ ಮಾತಲ್ಲ ಇದು, ಎದುರಾ ಎದುರು ಕೂತು ಆಡಬೇಕು. ಹಾಗಂತ ಅಕ್ಟೋಬರ್ 21ಕ್ಕೆ ಗೌಡ್ರಿಗೆ ವಾಟ್ಸಾಪಲ್ಲಿ ಬರೆದೆ. "ಗೌಡ್ರೇ, ಲೀಸ್ ರಿನ್ಯೂ ಮಾಡೋ ಬಗ್ಗೆ ನಿಮ್ಮ ಹತ್ರ ಮಾತಾಡಬೇಕಿತ್ತು." ಇಷ್ಟೇ.

ಎರಡು ಗಂಟೆ ಬಿಟ್ಟು ಅವರ ಮಗ ಫೋನ್ ಮಾಡಿದ. "ಮೇಡಂ, ಭೋಗ್ಯಕ್ಕೆ ಕೊಡೋ ಯೋಚನೆ ನಮಗಿಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಕಡೆ ಮನೆ ಲೀಸ್‌ಗೆ ಅಂದರೆ ಭೋಗ್ಯ ಅಂತಲೇ ಅರ್ಥ. ಐದೋ ಎಂಟೋ ಲಕ್ಷ ಒಂದೇ ಗಂಟು ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇರೋದು. ಬಿಡುವಾಗ ಆ ದುಡ್ಡು ವಾಪಸ್. ಗೌಡ್ರು ಪಾಪ, ಟೀಚರು ಬಾಡಿಗೆ ಜಾಸ್ತಿ ಮಾಡಿದ್ದಕ್ಕೆ ಭೋಗ್ಯಕ್ಕೆ ಕೇಳ್ತಿದಾರೆ ಅಂತ ಮಗನಿಗೆ ಹೇಳಿದ್ದರು. ಅಪ್ಪ ಮಗ ಕೂತು ಎಷ್ಟಕ್ಕೆ ಕೊಡಬಹುದು ಅಂತಲೂ ಒಂದು ಸುತ್ತು ಮಾತಾಡಿದ್ದರಂತೆ! ಇಲ್ಲ ಇಲ್ಲ, ಬಾಡಿಗೆ ಕರಾರನ್ನೇ ಮುಂದುವರಿಸೋ ಮಾತು ಅಂತ ಬಿಡಿಸಿ ಹೇಳಿದೆ. ಹುಡುಗ ನಕ್ಕ. ಬಾಡಿಗೆ ಕರಾರಿಗೆ ಆ ಪದ ಬಳಸಬಾರದು ಅಂತ ನನಗೆ ಗೊತ್ತಿರಬೇಕಿತ್ತು, ಕನ್ನಡ ಮೀಡಿಯಂನಲ್ಲೇ ಓದಿದವಳು. ಆದರೆ ಈ ಗೊಂದಲದಿಂದ ಒಂದು ಲಾಭ ಆಯಿತು. ದೀಪಾವಳಿಗೆ ಊರಿಗೆ ಬರ್ತೀನಿ, ಭಾನುವಾರ ರಾತ್ರಿ ವಾಪಸ್ ಹೊರಡೋದು ಅಂತ ಅವನೇ ಬಾಯಿಬಿಟ್ಟ.

ಈ ಸಲ ಅವಸರ ಮಾಡಲಿಲ್ಲ. ಕಾಗದದಲ್ಲಿ ಬರೆದು, ತಿದ್ದಿ, ನಮ್ಮನೆಯವರಿಗೆ ಓದಿ ಹೇಳಿ, ಆಮೇಲೆ ಕಳಿಸಿದೆ. ಇದೋ ಹೀಗಿತ್ತು:

"ಗೌಡ್ರಿಗೆ ನಮಸ್ಕಾರ. ನಮ್ಮ ಬಾಡಿಗೆ ಕರಾರು ನವೆಂಬರ್ 30ಕ್ಕೆ ಮುಗಿಯುತ್ತೆ. ನಮಗೆ ಇದೇ ಮನೆಯಲ್ಲಿ ಮುಂದುವರಿಯೋ ಆಸೆ ಇದೆ. ನೀವು ಹೇಳಿದ ಹೊಸ ಬಾಡಿಗೆ, ಮತ್ತೆ ರೂಮಿನ ಗೋಡೆಯ ರಿಪೇರಿ, ಈ ಎರಡು ವಿಷಯ ಎದುರಿಗೆ ಕೂತು ಮಾತಾಡಬೇಕು. ಅರ್ಧ ಗಂಟೆ ಸಾಕು. ನವೆಂಬರ್ 3ರ ಭಾನುವಾರ ಹಬ್ಬ ಮುಗಿದಿರುತ್ತೆ, ನಿಮ್ಮ ಮಗನೂ ಇರ್ತಾರೆ. ಅವತ್ತು ನಾವೇ ಅಲ್ಲಿಗೆ ಬರಬಹುದಾ? ಆಗದಿದ್ರೆ ಮುಂದಿನ ವಾರ ನೀವು ಮಂಡಿಗೆ ಬಂದ ದಿನ ಮನೆಗೇ ಬನ್ನಿ, ಊಟ ನಮ್ಮಲ್ಲೇ ಮಾಡಿ. ಅಲ್ಲಿ ತನಕ ಬಾಡಿಗೆ ವಿಷಯ ಇಬ್ಬರೂ ಹಾಗೇ ಇಟ್ಟಿರೋಣ."

ಕೊನೆಯ ಸಾಲು ಬರೆಯೋಕೆ ತುಂಬಾ ಹೊತ್ತು ಹಿಡಿಯಿತು. ಫೋನಲ್ಲಿ ನಾನು ಆಡಿದ ಮಾತು ಬ್ರೋಕರ್ ಕಿವಿಗೆ ಬಿದ್ದು, ಮನೆ ನೋಡೋಕೆ ಜನ ಬರೋಕೆ ಶುರುವಾದರೆ ಆಮೇಲೆ ಮಾತಾಡಿ ಪ್ರಯೋಜನ ಇರಲಿಲ್ಲ. ನನ್ನ ಲೆಕ್ಕದಲ್ಲಿ ಬಾಡಿಗೆ ಎಷ್ಟಾಗಬೇಕು ಅಂತ ಮೆಸೇಜಲ್ಲಿ ಬರೆಯಲಿಲ್ಲ. ಬರೆದಿದ್ದರೆ ಅಪ್ಪ ಮಗ ಅಲ್ಲೇ ಉತ್ತರ ತೀರ್ಮಾನ ಮಾಡಿಬಿಡುತ್ತಿದ್ದರು, ನಾವು ಹೋಗೋದು ಬರೀ ಕಾಫಿಗೆ ಆಗುತ್ತಿತ್ತು. ಗೋಡೆ ವಿಷಯ ಮಾತ್ರ ಬೇಕಂತಲೇ ಹಾಕಿದೆ, ಅವರಿಗೂ ಯೋಚನೆ ಮಾಡೋಕೆ ಸಮಯ ಸಿಗಲಿ ಅಂತ.

ರಾತ್ರಿ ಉತ್ತರ ಬಂತು. "ಬನ್ನಿ. 11 ಗಂಟೆ. ಸುಲಿತ ಇರ್ತದೆ."

ಗೋಡೆಯ ಕಥೆ ಹೇಳಬೇಕು. ಪಡುವಣ ಕಡೆಯ ರೂಮಿನ ಗೋಡೆ ಪ್ರತಿ ಮಳೆಗಾಲ ನೀರು ಕುಡಿಯುತ್ತಿತ್ತು. ಜುಲೈ ಹೊತ್ತಿಗೆ ಮೂಲೆಯಲ್ಲಿ ಅಂಗೈ ಅಗಲ ಕಪ್ಪು ಬೂಸ್ಟು, ಆಗಸ್ಟ್‌ಗೆ ಅದು ಬೀರುವಿನಷ್ಟು ಎತ್ತರ. ಬೀರುವನ್ನು ಗೋಡೆಯಿಂದ ಅರ್ಧ ಅಡಿ ಮುಂದೆ ಎಳೆದಿಟ್ಟಿದ್ದೆವು. ಅದರೊಳಗಿನ ರೇಷ್ಮೆ ಸೀರೆ ವಾಸನೆ ಹಿಡಿದು ನನ್ನ ತಾಯಿಯ ಬೈಗುಳ ಬೇರೆ. ಪರಿಚಯದ ಗಾರೆ ಮೇಸ್ತ್ರಿಯೊಬ್ಬರನ್ನು ಕರೆದು ತೋರಿಸಿದ್ದೆ. ಅವರು ಹೇಳಿದ ಪರೀಕ್ಷೆ ಸರಳವಾಗಿತ್ತು. ಬೇಸಿಗೆಯಲ್ಲೂ ಗೋಡೆ ಒದ್ದೆ ಇದ್ದರೆ ಒಳಗಿನ ಪೈಪು ಒಡೆದಿದೆ. ಮಳೆ ಬಿಟ್ಟ ಮೇಲೆ ಒಣಗುತ್ತಾ ಬಂದರೆ ನೀರು ಮೇಲಿಂದ ಬರ್ತಿದೆ, ತಾರಸಿಯೋ ಪ್ಯಾರಾಪೆಟ್ಟೋ. ನಮ್ಮದು ನವೆಂಬರ್ ಹೊತ್ತಿಗೆ ಒಣಗಿ ಸುಣ್ಣ ಹಪ್ಪಳದ ಹಾಗೆ ಏಳುತ್ತಿತ್ತು. ತಾರಸಿಗೆ ಹೋಗಿ ನೋಡಿದರೆ, ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರೋ ಸಂದಿಯಲ್ಲಿ ಒಂದು ಮಾರು ಉದ್ದ ಬಿರುಕು. ಮಳೆಗಾಲದಲ್ಲಿ ತೆಗೆದ ಫೋಟೋಗಳು ಮೊಬೈಲಲ್ಲಿದ್ದವು, ತಾರೀಕು ಸಮೇತ. ಅವುಗಳನ್ನು ಗಾಂಧಿ ಬಜಾರ್ ಹತ್ತಿರದ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಮೊಬೈಲಲ್ಲಿ ತೋರಿಸಿದರೆ ಹಿರಿಯರು ಕನ್ನಡಕ ಹುಡುಕುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತೆ.

ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿ ಬಸ್ಸು ಹತ್ತಿದೆವು. ಗಾಜನೂರು, ಸಕ್ರೆಬೈಲು ದಾಟಿ, ಮಂಡಗದ್ದೆ ಹತ್ತಿರ ಇಳಿದು ಒಂದು ಕಿಲೋಮೀಟರ್ ನಡಿಗೆ. ಕೈಲಿ ಒಂದು ಕೆಜಿ ಸ್ವೀಟ್ ಡಬ್ಬಿ, ಒಂದು ಪ್ಲಾಸ್ಟಿಕ್ ಫೈಲು. ಹಬ್ಬದ ಮರುದಿನವೇ ದುಡ್ಡಿನ ಮಾತಿಗೆ ಹೋಗ್ತಿದೀವಲ್ಲ ಅಂತ ನಮ್ಮನೆಯವರಿಗೆ ದಾರಿಯುದ್ದಕ್ಕೂ ಮುಜುಗರ.

ಅಂಗಳದ ತುಂಬ ಹಸಿ ಅಡಿಕೆಯ ವಾಸನೆ. ಜಗಲಿಯಲ್ಲಿ ಆರೇಳು ಹೆಂಗಸರು ಮೆಟ್ಟುಗತ್ತಿ ಮೇಲೆ ಕೂತು ಸುಲಿಯುತ್ತಿದ್ದರು. ಹಿತ್ತಲ ಕಡೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಗೌಡ್ರ ಹೆಂಡತಿ ಅವರ ಮಧ್ಯೆಯೇ ಕೂತಿದ್ದರು, ಬೆರಳೆಲ್ಲ ಕಪ್ಪು. "ಬನ್ನಿ ಬನ್ನಿ, ಆಸ್ರಿಗೆ ಎಂತ ಕೊಡ್ಲಿ? ಕಾಫಿನಾ ಮಜ್ಜಿಗೆನಾ?" ಅಂದವರು ಎದ್ದು ಒಳಗೆ ಹೋಗಿ ಹಬ್ಬದ ಹೋಳಿಗೆಯನ್ನೂ ತಂದಿಟ್ಟರು. ತಿಂದು ಮುಗಿಯೋ ತನಕ ಯಾರೂ ಮನೆ ಮಾತು ಎತ್ತಲಿಲ್ಲ. ಎಲೆಚುಕ್ಕಿ ರೋಗದಿಂದ ಈ ಸಲ ಫಸಲು ಹೇಗೆ ಇಳಿದಿದೆ, ಔಷಧಿ ಹೊಡೆಯೋಕೆ ಆಳು ಸಿಗೋದೇ ಇಲ್ಲ, ಇದೇ ಮಾತು. ಬಾಡಿಗೆ ಮನೆಯ ದುಡ್ಡು ಅವರಿಗೆ ಈಗ ಯಾಕೆ ದೊಡ್ಡದಾಗಿ ಕಾಣುತ್ತಿದೆ ಅಂತ ನನಗೆ ಅಲ್ಲಿ ಗೊತ್ತಾಯಿತು.

ಕೊನೆಗೆ ಮಗನೇ ಶುರು ಮಾಡಿದ. "ಮೇಡಂ, ಕೆಳಗಿನವರು ಹನ್ನೆರಡೂವರೆ ಕೊಡ್ತಿದಾರೆ. ಮೇಲೂ ಅಷ್ಟೇ ಜಾಗ ಇದೆ."

ಜಾಗ ಅಷ್ಟೇ ಇದೆ ಅಂತ ಒಪ್ಪಿಕೊಂಡೆ. ಫೈಲಿನಿಂದ ಫೋಟೋ ತೆಗೆದು ಜಗಲಿ ಕಟ್ಟೆಯ ಮೇಲೆ ಒಂದರ ಪಕ್ಕ ಒಂದು ಇಟ್ಟೆ. ಜುಲೈ, ಆಗಸ್ಟ್, ಸೆಪ್ಟೆಂಬರ್. ಕೆಳಗೆ ಕಾರು ಶೆಡ್ ಇದೆ, ನಮಗೆ ಸ್ಕೂಟರ್ ನಿಲ್ಲಿಸೋದೂ ರಸ್ತೆಯಲ್ಲೇ ಅಂದೆ. ಆಮೇಲೆ ನಾವು ಕೇಳಿ ಬಂದ ಮೂರು ಮನೆಯ ಬಾಡಿಗೆ ಹೇಳಿದೆ, 13,000ದ್ದನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ಹುಡುಗ ಅದನ್ನೇ ಹುಡುಕಿ ತೆಗೆಯುತ್ತಿದ್ದ.

ಗೌಡ್ರು ಫೋಟೋ ನೋಡುತ್ತಾ ಸುಮ್ಮನಿದ್ದರು. ಮಗ, "ಸ್ವಲ್ಪ ಡ್ಯಾಂಪ್ ಎಲ್ಲಾ ಮನೇಲೂ ಇರುತ್ತೆ" ಅಂದ. ಅಷ್ಟರಲ್ಲಿ ಅವರಮ್ಮ ಸುಲಿಯೋದು ನಿಲ್ಲಿಸಿ, ಕಪ್ಪು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಆಗಸ್ಟ್ ಫೋಟೋ ಎತ್ತಿ ಬೆಳಕಿಗೆ ಹಿಡಿದರು.

"ಇದು ನಮ್ಮ ಮನೆನಾ?"

"ಹೌದಮ್ಮ, ಪಡುವಣ ರೂಮು."

"ಅಪ್ಪೀ, ಇದಕ್ಕೆ ಹನ್ನೆರಡೂವರೆ ಕೇಳಿದ್ದಾ ನೀನು? ಕೊಟ್ಟಿಗೆ ಗೋಡೆ ಇದಕ್ಕಿಂತ ಚೆನ್ನಾಗದೆ."

ಸುಲಿಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಹುಡುಗನ ಮುಖ ಕೆಂಪಾಯಿತು. ನಾನು ನಗಲಿಲ್ಲ. ಆಗ ನಕ್ಕಿದ್ದರೆ ಕೆಲಸ ಕೆಡುತ್ತಿತ್ತು.

ಆಮೇಲಿನದ್ದು ಚೌಕಾಸಿ. ಅದು ಎಲ್ಲಾ ಕಡೆ ಹೇಗೆ ಇರುತ್ತೋ ಹಾಗೇ ಇತ್ತು. ನಾನು ಗೋಡೆ ಸರಿಮಾಡಿದರೆ 11,000 ಅಂದೆ, ಮಗ ಹನ್ನೆರಡಕ್ಕೆ ಇಳಿದ. ಅಡ್ವಾನ್ಸು 60,000ದಿಂದ ಒಂದು ಲಕ್ಷ ಮಾಡಿ ಅಂತ ನಡುವೆ ಒಂದು ಮಾತು ಬಂತು. ನಾನು ಒಪ್ಪಲಿಲ್ಲ, ಗೌಡ್ರೂ ಒತ್ತಾಯ ಮಾಡಲಿಲ್ಲ. ಮಾತು ಕಚ್ಚಿಕೊಂಡಾಗ ನಾನು ತಿಂಗಳು ಜಾರಿದ ಕಥೆ ತೆಗೆದೆ. ಏಪ್ರಿಲ್‌ನಿಂದ ಡಿಸೆಂಬರ್‌ಗೆ ಹೇಗೆ ಬಂತು ಅಂತ ಬೆರಳು ಮಡಚಿ ತೋರಿಸಿದೆ. ಈಗ ಐದೇ ತಿಂಗಳ ಒಂದು ಸಣ್ಣ ಕರಾರು ಮಾಡೋಣ, ಏಪ್ರಿಲ್ ಕೊನೆ ತನಕ. ಆಮೇಲೆ ಮೇ ಒಂದರಿಂದ ಹನ್ನೊಂದು ತಿಂಗಳದ್ದು. ಆಗ ಮುಂದಿನ ಮಾತುಕತೆ ಮಾರ್ಚ್‌ಗೆ ಬರುತ್ತೆ, ನಿಮ್ಮ ಕೊಯ್ಲೂ ಮುಗಿದಿರುತ್ತೆ, ನಮ್ಮ ಪರೀಕ್ಷೆಯೂ ಮುಗಿಯೋಕೆ ಬಂದಿರುತ್ತೆ. ಮನೆ ಬಿಡೋದೇ ಆದರೂ ನಿಮಗೆ ಬೇಸಿಗೆಯಲ್ಲಿ ಬೇರೆಯವರು ಬೇಗ ಸಿಗ್ತಾರೆ.

ಗೌಡ್ರು ಮೊದಲ ಸಲ ನನ್ನ ಕಡೆ ನೇರವಾಗಿ ನೋಡಿದರು. "ಅದು ಸರಿ ಮಾರಾಯ್ರೆ. ಕೊನೆಗಾರ ಮರದ ಮೇಲಿರೋವಾಗ ನಾನು ನೋಟರಿ ಹತ್ರ ನಿಲ್ಲೋದು ಎಂತಕ್ಕೆ" ಅಂದರು.

ಆಮೇಲೆ ಕಾಲು ಗಂಟೆಯಲ್ಲಿ ಮುಗಿಯಿತು. ಡಿಸೆಂಬರ್‌ನಿಂದ ಏಪ್ರಿಲ್ ತನಕ 10,800. ಮಳೆಗೆ ಮೊದಲು, ಮಾರ್ಚ್ ಒಳಗೆ, ಪ್ಯಾರಾಪೆಟ್ ಸಂದಿಗೆ ಗಾರೆ ಮಾಡಿಸಿ ಗೋಡೆಗೆ ಬಣ್ಣ ಹೊಡೆಸಿಕೊಡೋದು. ಅದಾದರೆ ಮೇಯಿಂದ 11,500, ಆಗದಿದ್ದರೆ ಆಗೋ ತನಕ 10,800ವೇ. ಈ ಕೊನೆಯದಕ್ಕೆ ಮಗ ಸ್ವಲ್ಪ ಕೊಸರಾಡಿದ. ಅವರಮ್ಮ ಮೆಟ್ಟುಗತ್ತಿಯಿಂದ ತಲೆ ಎತ್ತದೆ, "ಮಾಡಿಸಿದ್ರೆ ಆಯ್ತಲ್ಲ" ಅಂದರು, ಮುಗಿಯಿತು.

ಬಸ್ಸಿನಲ್ಲೇ ಕೂತು ಮೆಸೇಜು ಬರೆದೆ. ಮಾತಾಡಿದ್ದು ಇಂತಿಂಥದ್ದು, ಏನಾದರೂ ಬಿಟ್ಟುಹೋಗಿದ್ದರೆ ತಿಳಿಸಿ ಅಂತ, ಅಪ್ಪ ಮಗ ಇಬ್ಬರಿಗೂ. ಗೌಡ್ರು ಹೆಬ್ಬೆರಳು ಕಳಿಸಿದರು. ಮಗ ಒಂದು ತಿದ್ದುಪಡಿ ಕಳಿಸಿದ. ಬಣ್ಣ ಆ ಒಂದು ಗೋಡೆಗೆ ಮಾತ್ರ, ಇಡೀ ರೂಮಿಗಲ್ಲ. ಸರಿ ಅಂದೆ. ಅವತ್ತೇ ಬರೆಯದಿದ್ದರೆ ಮಾರ್ಚಲ್ಲಿ ಇದೇ ಒಂದು ಜಗಳ ಆಗುತ್ತಿತ್ತು.

ಕರಾರು ಬರೆಸೋವಾಗ ಒಂದು ಎಡವಟ್ಟು ಆಗೋದು ತಪ್ಪಿತು. ಸಹಕಾರ ಸಂಘದ ಕೌಂಟರಲ್ಲಿ ಇ-ಸ್ಟಾಂಪ್ ತಗೊಂಡು ಟೈಪ್ ಮಾಡೋರ ಹತ್ತಿರ ಕೊಟ್ಟೆವು. ಅವರು ಹಳೇ ಕರಾರನ್ನೇ ತೆರೆದು ಅಂಕಿ ಬದಲಾಯಿಸಿದರು. ಸಹಿಗೆ ಮೊದಲು ಈ ಸಲ ಪೂರ್ತಿ ಓದಿದೆ. ಅಂಕಿಯಲ್ಲಿ 10,800 ಇತ್ತು, ಅದರ ಪಕ್ಕ ಅಕ್ಷರದಲ್ಲಿ "ಒಂಬತ್ತು ಸಾವಿರದ ಎಂಟುನೂರು" ಹಾಗೇ ಉಳಿದಿತ್ತು. ಅವಧಿಯೂ ಒಂದು ಕಡೆ ಐದು ತಿಂಗಳು, ಇನ್ನೊಂದು ಕಡೆ ಹನ್ನೊಂದು. ಅಕ್ಷರದ ತಪ್ಪು ನನಗೇ ಲಾಭ, ಆದರೂ ತೋರಿಸಿದೆ. ಎರಡೂ ತಿದ್ದಿಸಿ, ಗೋಡೆಯ ಸಾಲಿನ ಕೊನೆಯಲ್ಲಿ "ಮಾಡಿಸಿಕೊಡಬಹುದು" ಅಂತ ಇದ್ದದ್ದನ್ನು "ಮಾಡಿಸಿಕೊಡತಕ್ಕದ್ದು" ಮಾಡಿಸಿದೆ. ಟೈಪ್ ಮಾಡೋರು ನನ್ನನ್ನು ಒಂಥರಾ ನೋಡಿದರು.

ಮಾರ್ಚ್ ಎರಡನೇ ವಾರ ಗೌಡ್ರು ಗಾರೆ ಮೇಸ್ತ್ರಿಯನ್ನು ಕಳಿಸಿದರು. ನಾನು ಶಾಲೆಯಿಂದ ಬರೋ ಹೊತ್ತಿಗೆ ಅವರು ಬಿರುಕನ್ನು ಕೆತ್ತಿ ಗಾರೆ ತುಂಬಿ ಆಗಿತ್ತು. "ಮೇಡಂ, ಬಿರುಕು ಇದ್ದದ್ದು ನಿಜ. ಆದ್ರೆ ನೀರು ನಿಂತಿದ್ದಕ್ಕೆ ಕಾರಣ ಇದು" ಅಂತ ತಾರಸಿಯ ನೀರು ಹೋಗೋ ಪೈಪಿನ ಬಾಯಿಂದ ತೆಗೆದದ್ದನ್ನು ತೋರಿಸಿದರು. ಒಣಗಿದ ಎಲೆ, ಮಣ್ಣು, ಅದರ ಮಧ್ಯೆ ಒಂದು ಹಳದಿ ಟೆನಿಸ್ ಚೆಂಡು. ನನ್ನ ಮಗನದ್ದು. ಎರಡು ವರ್ಷದ ಹಿಂದೆ ಕಳೆದುಹೋಯಿತು ಅಂತ ಇಡೀ ದಿನ ಅತ್ತಿದ್ದ.

ಹೇಳದೆ ಇರಬಹುದಿತ್ತು. ಸ್ವಲ್ಪ ಹೊತ್ತು ಯೋಚನೆ ಮಾಡಿ, ಚೆಂಡಿನ ಫೋಟೋ ತೆಗೆದು ಗೌಡ್ರಿಗೆ ಕಳಿಸಿದೆ. ಗಾರೆಯ ಕೂಲಿಯಲ್ಲಿ ಅರ್ಧ ನಾವು ಕೊಡ್ತೀವಿ ಅಂತ ಬರೆದೆ. ರಾತ್ರಿ ಫೋನ್ ಬಂತು, ಮಾತಾಡಿದ್ದು ಅವರ ಹೆಂಡತಿ.

"ಕೂಲಿ ನಾವು ಕೊಟ್ಟಾಯ್ತು. ಚೆಂಡು ಹುಡುಗನಿಗೆ ಕೊಟ್ರಾ?"

ಮೇ ಒಂದಕ್ಕೆ 11,500 ಹಾಕಿದೆ.